ಗಾರೆಯ ಕೆಳಗೆ ಬಿಳಿ ಬೋರ್ಡೋ, ಬಣ್ಣದ ಬೋರ್ಡೋ: ನನ್ನ ಅನುಭವ

ನೆಲದ ಚಳಿ ತಡೆಯಲು ಗಾರೆಯ ಕೆಳಗೆ ಹಾಸುವ ಎರಡೂ ಬಗೆಯ ಬೋರ್ಡಿನ ತುಂಡುಗಳನ್ನು ಮೇಜಿನ ಮೇಲಿಟ್ಟುಕೊಂಡು ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಇಪಿಎಸ್, ಅಂದರೆ ನಾವು ಥರ್ಮಾಕೋಲ್ ಅನ್ನುವ ಬಿಳಿ ಬೋರ್ಡಿನಲ್ಲಿ ಸಣ್ಣ ಗುಳಿ ಬಿತ್ತು. ಬಣ್ಣದ ಎಕ್ಸ್‌ಪಿಎಸ್ ಜಗ್ಗಲಿಲ್ಲ. ಮೇಲೆ ಗಾರೆ ಬರುತ್ತದೆ, ಅದರ ಮೇಲೆ ಟೈಲ್ಸ್, ಬೀರು, ಮಂಚ. ಗಟ್ಟಿ ಇರೋದೇ ಒಳ್ಳೆಯದಲ್ವಾ ಅಂತ ಮನಸ್ಸು ಎಕ್ಸ್‌ಪಿಎಸ್ ಕಡೆ ವಾಲಿತು. ಬೆಲೆ ಕೇಳಿದ ಮೇಲೆ ಮಾತ್ರ, ಈ ಗಟ್ಟಿತನ ನನಗೆ ನಿಜವಾಗಿಯೂ ಬೇಕಾ ಅಂತ ಲೆಕ್ಕ ಹಾಕಲು ಕೂತೆ.

ನನ್ನ ಕೋಣೆ ನೆಲಮಟ್ಟದ್ದು, 4 ಮೀಟರ್‌ಗೆ 5 ಮೀಟರ್. ಕೆಳಗೆ ಹಳೆಯ ಕಾಂಕ್ರೀಟ್ ಇತ್ತು. ಅದರಿಂದ ಬಾಗಿಲ ಹೊಸ್ತಿಲವರೆಗೆ ನನಗೆ ಸಿಕ್ಕ ಎತ್ತರ 175 ಮಿಲಿಮೀಟರ್. ಅದರಲ್ಲಿ 100 ಮಿ.ಮೀ. ಬೋರ್ಡಿಗೆ, 65 ಸ್ಕ್ರೀಡಿಗೆ, ಉಳಿದ 10 ಟೈಲ್ಸಿಗೆ. ಸ್ಕ್ರೀಡ್ ಅಂದರೆ ಬೇರೇನಲ್ಲ, ಬೋರ್ಡಿನ ಮೇಲೆ ಬರುವ ಸಿಮೆಂಟ್-ಮರಳಿನ ದಪ್ಪ ಗಾರೆ.

ಮೊದಲು ಭಾರ. 65 ಮಿ.ಮೀ. ಗಾರೆ ಒಂದು ಚದರ ಮೀಟರ್‌ಗೆ ಸುಮಾರು 130 ಕೆ.ಜಿ. ಟೈಲ್ಸ್ 20-25 ಕೆ.ಜಿ. ಮನೆಯ ಕೋಣೆಯಲ್ಲಿ ಜನ, ಸಾಮಾನು ಅಂತ 200 ಕೆ.ಜಿ. ಹಿಡಿದರೆ ಸಾಕು. ಒಟ್ಟು 350 ಕೆ.ಜಿ. ಇಪಿಎಸ್ 100 ಎಂಬ ದರ್ಜೆಯ ಬೋರ್ಡಿನ ಹೆಸರಲ್ಲಿರುವ 100 ಅಂದರೆ 100 ಕಿಲೋಪಾಸ್ಕಲ್, ಚದರ ಮೀಟರ್‌ಗೆ ಸುಮಾರು 10 ಟನ್. ಆದರೆ ಇಲ್ಲಿ ಒಂದು ಮೋಸವಿದೆ. ಅದು ಬೋರ್ಡು ನೂರಕ್ಕೆ ಹತ್ತರಷ್ಟು ಕುಗ್ಗಿದಾಗಿನ ಅಳತೆ. ನನ್ನ 100 ಮಿ.ಮೀ. ಬೋರ್ಡು 10 ಮಿ.ಮೀ. ಕುಗ್ಗಿದರೆ ಗಾರೆ ಸೀಳಿ ಹೋಗುತ್ತದೆ. ವರ್ಷಗಟ್ಟಲೆ ಹೊರುವ ಭಾರಕ್ಕೆ ಆ ಅಂಕಿಯ ನೂರಕ್ಕೆ ಮೂವತ್ತರಷ್ಟನ್ನು ಮಾತ್ರ ನಂಬುವುದು ವಾಡಿಕೆ. ಅಂದರೆ 3 ಟನ್. ನನಗೆ ಬೇಕಿದ್ದದ್ದು 350 ಕೆ.ಜಿ. ಮಂಚದ ಕಾಲಿನ ಭಾರ ಒಂದೇ ಕಡೆ ಬೀಳುತ್ತದಲ್ಲ ಅನ್ನಬಹುದು. ಅದನ್ನು ಹರಡುವುದಕ್ಕೇ ಮೇಲೆ ಗಾರೆ ಇರುವುದು. ನನ್ನ ಹೆಬ್ಬೆರಳು ಮಾಡಿದ ಪರೀಕ್ಷೆ ಗಾರೆಯೇ ಇಲ್ಲದ ನೆಲದ್ದು.

ಎಕ್ಸ್‌ಪಿಎಸ್ 300 ತೆಗೆದುಕೊಂಡರೆ ಇದರ ಮೂರು ಪಟ್ಟು ಹೊರುತ್ತದೆ. ಕಾರು ನಿಲ್ಲಿಸುವ ಜಾಗಕ್ಕೆ, ಭಾರದ ಯಂತ್ರ ಕೂರಿಸುವ ಕಡೆಗೆ ಅದು ಬೇಕು. ಮಲಗುವ ಕೋಣೆಗೆ ಸುಮ್ನೆ ದುಡ್ಡು.

ಇನ್ನು ಚಳಿ ತಡೆಯುವ ವಿಷಯ. ಇಪಿಎಸ್ 100ರ ಶಾಖವಾಹಕತೆ 0.036ರ ಸುತ್ತಮುತ್ತ. ನನಗೆ ಸಿಗುತ್ತಿದ್ದ ಎಕ್ಸ್‌ಪಿಎಸ್‌ನದು 0.034. ಕಡಿಮೆ ಇದ್ದಷ್ಟೂ ಒಳ್ಳೆಯದು. 100 ಮಿ.ಮೀ. ಎಕ್ಸ್‌ಪಿಎಸ್ ಮಾಡುವ ಕೆಲಸವನ್ನು ಇಪಿಎಸ್ ಮಾಡಬೇಕಾದರೆ 106 ಮಿ.ಮೀ. ಬೇಕು. ವ್ಯತ್ಯಾಸ ಅಷ್ಟೇ. 'ಎತ್ತರ ಕಡಿಮೆ ಇದೆ, ಅದಕ್ಕೇ ಎಕ್ಸ್‌ಪಿಎಸ್ ಹಾಕಿಸಿದೆ' ಅನ್ನುವವರನ್ನು ನೋಡಿದ್ದೇನೆ. ಅವರು ಉಳಿಸಿದ್ದು ಟೈಲ್ಸಿನ ಅಂಟಿನಷ್ಟು ದಪ್ಪ.

ಹಾಗಾದರೆ ಎಕ್ಸ್‌ಪಿಎಸ್ ಯಾಕೆ ಬೇಕು? ನೀರಿಗೆ. ಎರಡೂ ಪಾಲಿಸ್ಟೈರೀನೇ. ಇಪಿಎಸ್‌ನಲ್ಲಿ ಸಣ್ಣ ಸಣ್ಣ ಮಣಿಗಳನ್ನು ಹಬೆಯಲ್ಲಿ ಉಬ್ಬಿಸಿ ಒಂದಕ್ಕೊಂದು ಬೆಸೆದಿರುತ್ತಾರೆ. ಮಣಿಗಳ ನಡುವೆ ಕಣ್ಣಿಗೆ ಕಾಣದ ಸಂದುಗಳು ಉಳಿಯುತ್ತವೆ. ತಿಂಗಳುಗಟ್ಟಲೆ ಒದ್ದೆ ಮಣ್ಣಿನಲ್ಲಿದ್ದರೆ ಆ ಸಂದುಗಳಿಗೆ ನೀರು ಇಳಿಯುತ್ತದೆ, ಇಳಿದಷ್ಟೂ ಚಳಿ ತಡೆಯುವ ಗುಣ ಹೋಗುತ್ತದೆ. ಎಕ್ಸ್‌ಪಿಎಸ್ ಕರಗಿದ ಪ್ಲಾಸ್ಟಿಕ್ ಅನ್ನು ಅಚ್ಚಿನ ಬಾಯಿಂದ ಒತ್ತಿ ತೆಗೆದದ್ದು. ಒಳಗೆಲ್ಲ ಮುಚ್ಚಿದ ಗುಳ್ಳೆಗಳು, ನಡುವೆ ಸಂದಿಲ್ಲ. ಹಾಗಾಗಿ ನಾನು ನನಗೇ ಕೇಳಿಕೊಂಡದ್ದು ಒಂದೇ ಪ್ರಶ್ನೆ: ನನ್ನ ಬೋರ್ಡು ತೇವ ತಡೆಯುವ ಪ್ಲಾಸ್ಟಿಕ್ ಹಾಳೆಯ ಮೇಲಿದೆಯೋ, ಕೆಳಗಿದೆಯೋ? ಕೋಣೆಯೊಳಗೆ ಹಾಳೆಯ ಮೇಲಿತ್ತು. ಇಪಿಎಸ್ ಸಾಕು. ಹೊರಗೋಡೆಯ ಬುಡದಲ್ಲಿ ಮಣ್ಣು ಅಗೆದು ಕಾಂಕ್ರೀಟಿನ ಅಂಚಿಗೆ ನಿಲ್ಲಿಸಿದ ಬೋರ್ಡಿಗೆ ಹಾಳೆಯ ರಕ್ಷಣೆ ಇರಲಿಲ್ಲ. ಅಲ್ಲಿ ಮಾತ್ರ ಎಕ್ಸ್‌ಪಿಎಸ್ ಹಾಕಿದೆ.

ಇಷ್ಟೆಲ್ಲ ತೀರ್ಮಾನ ಮಾಡಿ ಇಪಿಎಸ್ ತರಿಸಿದರೆ, ಬಂದದ್ದೇ ಬೇರೆ. 1000ಕ್ಕೆ 500 ಮಿ.ಮೀ. ಅಳತೆಯ, 50 ಮಿ.ಮೀ. ದಪ್ಪದ 80 ಬೋರ್ಡು. ನೋಡೋಕೆ ಬೆಳ್ಳಗೆ, ಚೆನ್ನಾಗೇ ಇತ್ತು. ಅಂಚು ಮುರಿದು ನೋಡಿದೆ. ಒಳ್ಳೆಯ ಬೋರ್ಡು ಮುರಿದರೆ ಕೆಲವು ಮಣಿಗಳೇ ಸೀಳಿಕೊಳ್ಳುತ್ತವೆ. ಇದರಲ್ಲಿ ಮಣಿಗಳು ಇಡಿಯಾಗಿ, ಸಾಬಕ್ಕಿ ಉದುರಿದ ಹಾಗೆ ಉದುರಿದವು. ಬೆಸುಗೆ ಕೂಡಿಲ್ಲ ಅಂತ ಅರ್ಥ. ಅಡುಗೆಮನೆಯ ತಕ್ಕಡಿ ತಂದು ಒಂದು ಬೋರ್ಡು ತೂಗಿದೆ. 300 ಗ್ರಾಂ. ಇಪಿಎಸ್ 100 ಘನ ಮೀಟರ್‌ಗೆ ಸುಮಾರು 20 ಕೆ.ಜಿ. ತೂಗುತ್ತದೆ. ಆ ಲೆಕ್ಕದಲ್ಲಿ ಈ ಅಳತೆಯ ಬೋರ್ಡು ಅರ್ಧ ಕೆ.ಜಿ. ಇರಬೇಕು. ನನಗೆ ಬಂದದ್ದು ಘನ ಮೀಟರ್‌ಗೆ 12 ಕೆ.ಜಿ. ತೂಗುವ ಮಾಲು, ಟಿವಿ ಡಬ್ಬಿಯೊಳಗೆ ತುಂಬುವಂಥದ್ದು. ಅಂಗಡಿಯವರು 'ಎಲ್ಲಾ ಒಂದೇ ಸಾರ್, ಥರ್ಮಾಕೋಲ್ ಥರ್ಮಾಕೋಲೇ' ಅಂದರು. ತಕ್ಕಡಿ ತೋರಿಸಿದೆ. ವಾಪಸ್ ತೆಗೆದುಕೊಂಡರು. ಇಪಿಎಸ್ ಹಾಕಿ ನೆಲ ಕುಸಿಯಿತು ಅಂತ ಕೇಳಿದಾಗಲೆಲ್ಲ ನನಗೆ ಮೊದಲು ಬರುವ ಅನುಮಾನ ಇದೇ. ಇಪಿಎಸ್‌ಗೂ ಎಕ್ಸ್‌ಪಿಎಸ್‌ಗೂ ಇರುವುದಕ್ಕಿಂತ ದೊಡ್ಡ ಅಂತರ ಒಳ್ಳೆಯ ಇಪಿಎಸ್‌ಗೂ ಕಳಪೆ ಇಪಿಎಸ್‌ಗೂ ಇದೆ.

ಬೋರ್ಡು ಹಾಸುವ ಮೊದಲು 2 ಮೀಟರ್ ಮಟ್ಟಗೋಲು ಇಟ್ಟು ಕಾಂಕ್ರೀಟ್ ಪರೀಕ್ಷಿಸಿದೆ. ಕಿಟಕಿ ಮೂಲೆಯಲ್ಲಿ 9 ಮಿ.ಮೀ. ತಗ್ಗು. ಅದರ ಮೇಲೇ ಒಂದು ಬೋರ್ಡು ಇಟ್ಟು ಹತ್ತಿ ನಿಂತರೆ ಟಕ್ ಅಂತ ಸದ್ದು, ಕಾಲು ತೆಗೆದರೆ ಮತ್ತೆ ಟಕ್. ಬೋರ್ಡು ತಗ್ಗಿನ ಎರಡು ದಡದ ಮೇಲೆ ಸೇತುವೆಯ ಹಾಗೆ ಕೂತಿತ್ತು. ಎಕ್ಸ್‌ಪಿಎಸ್ ತುಂಡು ಇಟ್ಟು ನೋಡಿದೆ, ಅದು ಇನ್ನೂ ಜೋರಾಗಿ ಆಡಿತು. ಗಟ್ಟಿ ಬೋರ್ಡು ನೆಲಕ್ಕೆ ಒಗ್ಗುವುದಿಲ್ಲ. ಹೀಗೆ ಆಡುವ ಬೋರ್ಡಿನ ಮೇಲೆ ಗಾರೆ ಬಿದ್ದರೆ ನಡೆದಾಡುವಾಗ ಅಲ್ಲೇ ಬಗ್ಗಿ ಬಗ್ಗಿ ಬಿರುಕು ಬಿಡುತ್ತದೆ. ತಗ್ಗನ್ನು ಸಿಮೆಂಟ್ ಗಾರೆಯಿಂದ ತುಂಬಿ, ಮಟ್ಟ ಮಾಡಿ, ಒಣಗಲು ಬಿಟ್ಟೆ. ಇದರಲ್ಲೇ ಒಂದು ವಾರ ಹೋಯಿತು.

ಆಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, 300 ಮೈಕ್ರಾನ್‌ನದು. ಅದರ ಮೇಲೆ 50 ಮಿ.ಮೀ. ಬೋರ್ಡುಗಳ ಎರಡು ಪದರ. ಕೆಳಗಿನ ಪದರದ ಸಂದುಗಳ ಮೇಲೆ ಮೇಲಿನ ಪದರದ ಸಂದು ಬರದ ಹಾಗೆ, ಇಟ್ಟಿಗೆ ಕಟ್ಟುವಂತೆ ಅರ್ಧರ್ಧ ಸರಿಸಿ ಹಾಸಿದೆ. ಗೋಡೆಯ ಸುತ್ತ 10 ಮಿ.ಮೀ. ಫೋಮ್ ಪಟ್ಟಿ, ಗಾರೆಗಿಂತ ಸ್ವಲ್ಪ ಮೇಲಕ್ಕೆ ಬರುವಷ್ಟು. ಬೋರ್ಡಿನ ಮೇಲೆ ಇನ್ನೊಂದು ತೆಳು ಹಾಳೆ. ಇದನ್ನು ಬಿಟ್ಟರೆ ಗಾರೆಯ ಹಾಲು ಸಂದುಗಳಿಗೆ ಇಳಿದು ಗಟ್ಟಿಯಾಗುತ್ತದೆ, ಕಟ್ಟಿದ ಪದರದ ಮಧ್ಯೆ ಚಳಿ ಹಾಯುವ ದಾರಿ ಆಗುತ್ತದೆ.

ಇಲ್ಲಿ ನನ್ನ ಕೈಯಿಂದಲೇ ಒಂದು ತಪ್ಪು ಆಯಿತು. ಗೋಡೆಯ ಬುಡಕ್ಕೆ ಹಿಂದಿನ ದಿನ ಕಪ್ಪು ಬಿಟುಮಿನ್ ಪ್ರೈಮರ್ ಬಳಿದಿದ್ದೆ. ಮುಟ್ಟಿದರೆ ಒಣಗಿದ ಹಾಗಿತ್ತು. ಬೋರ್ಡು ತಾಗಿಸಿಟ್ಟು ಬೆಳಗ್ಗೆ ಬಂದು ನೋಡಿದರೆ ಮೂಲೆಯಲ್ಲಿ ಅಂಗೈಯಗಲ ಬೋರ್ಡೇ ಇರಲಿಲ್ಲ, ಅಂಟಂಟಾದ ಕಂದು ಲೋಳೆ ಮಾತ್ರ. ಪ್ರೈಮರಿನಲ್ಲಿದ್ದ ದ್ರಾವಕ ತಿಂದು ಹಾಕಿತ್ತು. ಎಕ್ಸ್‌ಪಿಎಸ್ ಹಾಕಿದ್ದರೂ ಇದೇ ಗತಿ, ಎರಡರ ಹುಟ್ಟೂ ಒಂದೇ. ಡಬ್ಬಿಯ ಮೇಲೆ ನೀರಿನ ಆಧಾರದ್ದು ಅಂತ ಬರೆದಿದ್ದರೆ ಮಾತ್ರ ಹತ್ತಿರ ತರಬೇಕು. ಅಂಟಿಗೂ ಇದೇ ಮಾತು.

ಗಾರೆ ಹಾಕುವ ದಿನ ಇಪಿಎಸ್‌ನ ಒಂದು ನಿಜವಾದ ಕೊರತೆ ಕಂಡಿತು. ತಳ್ಳುಗಾಡಿಯ ಚಕ್ರ ಹೋದ ಕಡೆಯೆಲ್ಲ ತಗ್ಗು. ಮಂಡಿ ಊರಿದ ಕಡೆಯೂ ಗುರುತು. ಎಕ್ಸ್‌ಪಿಎಸ್ ಇದ್ದಿದ್ದರೆ ಈ ತೊಂದರೆ ಇರುತ್ತಿರಲಿಲ್ಲ. ಹಲಗೆ ಹಾಸಿ ಓಡಾಡಿದೆವು, ಸರಿಹೋಯಿತು. ಮೇಸ್ತ್ರಿ ಬೋರ್ಡಿನ ಮೇಲೆ ಕಾಲಿಡಲು ಹಿಂದೆ ಮುಂದೆ ನೋಡಿ, 'ಏನ್ ಸಾರ್, ಥರ್ಮಾಕೋಲ್ ಮೇಲೆ ನೆಲ ಹಾಕ್ತೀರಾ?' ಅಂದರು. 350 ಕೆ.ಜಿ., 3 ಟನ್ ಲೆಕ್ಕ ಹೇಳಿದೆ. ನಂಬಿದರು ಅಂತ ಅನಿಸಲಿಲ್ಲ.

ಗಾರೆ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು. ನೀರು ಕಡಿಮೆ. ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡೆಯಾಗಬೇಕು, ಬೆರಳ ಸಂದಿನಿಂದ ನೀರು ಬರಬಾರದು. ಚೆನ್ನಾಗಿ ದಮ್ಮಸು ಮಾಡಿ, ಏಳು ದಿನ ಹಾಳೆ ಹೊದಿಸಿಟ್ಟೆ.

ಮೂರನೇ ವಾರ ಮೇಸ್ತ್ರಿಯ ಫೋನು. ಬಂದು ನೋಡಿದ್ದಾರೆ, ಕಿಟಕಿ ಮೂಲೆ ತಟ್ಟಿದರೆ ಡಬಡಬ ಅನ್ನುತ್ತಿದೆ. 'ನಾನು ಹೇಳಿದ್ನಲ್ಲ ಸಾರ್, ಥರ್ಮಾಕೋಲ್ ಕುಸೀತು.' ಎದೆ ಧಸಕ್ ಅಂತು. ಹೋಗಿ ಮಟ್ಟಗೋಲು ಇಟ್ಟೆ. ಮೂಲೆ ಇಳಿದಿರಲಿಲ್ಲ, 3 ಮಿ.ಮೀ. ಮೇಲೆದ್ದಿತ್ತು. ಕೆಳಗೆ ಹಾಳೆ ಇರುವುದರಿಂದ ಗಾರೆ ಮೇಲಿಂದ ಮಾತ್ರ ಒಣಗುತ್ತದೆ. ಆ ಮೂಲೆಗೆ ಬಿಸಿಲು ಬೀಳುತ್ತಿತ್ತು. ಮೇಲ್ಮೈ ಬೇಗ ಒಣಗಿ ಕುಗ್ಗಿದೆ, ಅಡಿ ಇನ್ನೂ ಒದ್ದೆ. ಬಿಸಿಲಿಗಿಟ್ಟ ಹಪ್ಪಳದ ಹಾಗೆ ಅಂಚು ಮೇಲಕ್ಕೆ ಸುರುಳಿಕೊಂಡಿದೆ. ಇದು ಯಾವ ಬೋರ್ಡು ಹಾಕಿದರೂ ಆಗುತ್ತದೆ. ಕಿಟಕಿಗೆ ಬಟ್ಟೆ ಕಟ್ಟಿ ಬಿಟ್ಟೆ. 65 ಮಿ.ಮೀ. ಗಾರೆ ಪೂರ್ತಿ ಒಣಗಲು ಹೆಚ್ಚು ಕಡಿಮೆ ಮೂರು ತಿಂಗಳು ಹಿಡಿಯಿತು. ಅಡಿಯೂ ಒಣಗುತ್ತಾ ಬಂದ ಹಾಗೆ ಮೂಲೆ ಕೆಳಗೆ ಬಂತು, ಕೊನೆಗೆ ಉಳಿದ 1 ಮಿ.ಮೀ. ಅನ್ನು ಟೈಲ್ಸಿನ ಅಂಟು ನುಂಗಿತು.