ಪಾಕದ ಹದ ಬೇರೆ, ಹರಳಿನ ಹದ ಬೇರೆ

ಗೌರಿ ಹುಣ್ಣಿಮೆ ಹತ್ತಿರ ಬಂತೆಂದರೆ ಬೆಳಗಾವಿ ಕಡೆ ಕಟ್ಟಿಗೆಯ ಅಚ್ಚುಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಸಕ್ಕರೆ ಆರತಿ ಮಾಡುವ ಕಾಲ ಅದು. ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಿರುವ ನನ್ನ ಮೊಮ್ಮಗಳಿಗೆ ಥಿಯರಿ ಪೇಪರಿನಲ್ಲಿ ಎರಡು ಪ್ರಶ್ನೆ ಬರುತ್ತವಂತೆ. ಪಾಕದ ಹಂತಗಳು ಯಾವುವು, ಹರಳುಗಟ್ಟುವುದನ್ನು ಹಿಡಿತದಲ್ಲಿ ಇಡುವುದು ಹೇಗೆ? ಮಕ್ಕಳು ಡಿಗ್ರಿಗಳನ್ನು ಸುಮ್ನೆ ಬಾಯಿಪಾಠ ಮಾಡಿ ಎರಡನ್ನೂ ಕಲಸಿಬಿಡುತ್ತಾರೆ. ಹಂತ ಅಂದರೆ ಪಾಕದಲ್ಲಿ ನೀರು ಎಷ್ಟು ಉಳಿದಿದೆ ಅನ್ನುವ ಲೆಕ್ಕ. ಹರಳು ಬೇರೆಯೇ ವಿಷಯ.

ಅರ್ಧ ಕಿಲೋ ಸಕ್ಕರೆಗೆ 200 ಗ್ರಾಂ ನೀರು ಹಾಕಿ ಒಲೆಯ ಮೇಲಿಡಿ. ಒಟ್ಟು 700 ಗ್ರಾಂ ಆಯಿತು. ನೀರು ಆರುತ್ತಾ ಹೋದಂತೆ ಕುದಿಯುವ ಶಾಖ ಏರುತ್ತದೆ. 110 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಎಳೆ ಪಾಕ. ಒಂದು ಹನಿಯನ್ನು ತಟ್ಟೆಗೆ ಬಿಟ್ಟು, ಆರಿದ ಮೇಲೆ ಎರಡು ಬೆರಳ ನಡುವೆ ಎಳೆದು ನೋಡಿ. 115ರ ಸುತ್ತ ತಣ್ಣೀರಿನಲ್ಲಿ ಬಿಟ್ಟ ಹನಿ ಮೆತ್ತನೆಯ ಉಂಡೆಯಾಗುತ್ತದೆ. ಆಗ ಪಾಕದಲ್ಲಿ ಸಕ್ಕರೆ ನೂರಕ್ಕೆ 85 ಭಾಗ. ಅಂದರೆ ಪಾತ್ರೆಯಲ್ಲಿ ಸುಮಾರು 588 ಗ್ರಾಂ ಪಾಕವಿದೆ, ಅದರಲ್ಲಿ ನೀರು 88 ಗ್ರಾಂ. 120 ದಾಟಿದರೆ ಉಂಡೆ ಗಟ್ಟಿ. 132ರ ಮೇಲೆ ಉಂಡೆ ಆಗುವುದಿಲ್ಲ, ಬಾಗುವ ಕಡ್ಡಿ ಆಗುತ್ತದೆ. 150ಕ್ಕೆ ಬಂದರೆ ನೀರಿನಲ್ಲಿ ಬಿದ್ದ ಹನಿ ಪಟ್ಟನೆ ಮುರಿಯುತ್ತದೆ. ಅಲ್ಲಿ ಸಕ್ಕರೆ ನೂರಕ್ಕೆ 99 ಭಾಗ. 700 ಗ್ರಾಂ ಇದ್ದದ್ದು 505ಕ್ಕೆ ಇಳಿದಿರುತ್ತದೆ, ಉಳಿದ ನೀರು ಒಂದು ಚಮಚದಷ್ಟೇ.

ಇನ್ನೊಂದು ಮಾತು. ಬೆಳಗಾವಿ ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಮೇಲಿದೆ. ಇಲ್ಲಿ ಬರೀ ನೀರೇ 97-98 ಡಿಗ್ರಿಗೆ ಕುದಿಯುತ್ತದೆ. ಪುಸ್ತಕದ ಅಂಕಿ ಹಿಡಿದು ಕಾಯಿಸಿದರೆ ಪಾಕ ಎರಡು ಡಿಗ್ರಿ ಮುಂದೆ ಹೋಗಿ ಗಟ್ಟಿಯಾಗುತ್ತದೆ. ಮೊದಲು ಕುದಿಯುವ ನೀರಿನಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. ನೂರಕ್ಕೆ ಎಷ್ಟು ಕಡಿಮೆ ತೋರಿಸುತ್ತದೋ ಅಷ್ಟನ್ನು ಪ್ರತಿ ಹಂತದಿಂದಲೂ ಕಳೆಯಿರಿ. ತಣ್ಣೀರಿನ ಪರೀಕ್ಷೆಗೆ ಈ ತಾಪತ್ರಯ ಇಲ್ಲ, ಅದಕ್ಕೇ ನನಗೆ ಅದರ ಮೇಲೆ ನಂಬಿಕೆ ಜಾಸ್ತಿ.

ಈಗ ಹರಳು. ಗಟ್ಟಿ ಪಾಕದಲ್ಲಿ ಕರಗಿರುವ ಸಕ್ಕರೆ ಮತ್ತೆ ಹರಳಾಗಲು ನೆಪ ಹುಡುಕುತ್ತಿರುತ್ತದೆ. ಪಾತ್ರೆಯ ಅಂಚಿಗೆ ಅಂಟಿದ ಒಂದು ಕಾಳು ಒಳಗೆ ಬಿದ್ದರೆ ಸಾಕು, ಅದರ ಸುತ್ತ ಇಡೀ ಪಾಕ ಮರಳಾಗುತ್ತದೆ. ಹಾಗಾಗಿ ಸಕ್ಕರೆ ಪೂರ್ತಿ ಕರಗುವ ತನಕ ಮಾತ್ರ ಕೈಯಾಡಿಸಿ. ಕುದಿ ಬಂದ ಮೇಲೆ ಸವಟು ಹಾಕಬೇಡಿ. ಎರಡು ನಿಮಿಷ ಮುಚ್ಚಳ ಮುಚ್ಚಿದರೆ ಹಬೆಯೇ ಅಂಚನ್ನು ತೊಳೆಯುತ್ತದೆ. ಲಿಂಬೆ ರಸ ಯಾಕೆ ಹಾಕುತ್ತಾರೆ ಗೊತ್ತಲ್ವಾ? ಹುಳಿ ಮತ್ತು ಶಾಖ ಸೇರಿ ಸಕ್ಕರೆಯ ಒಂದು ಪಾಲನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತವೆ. ಅವು ಸಕ್ಕರೆಯ ಹರಳಿನೊಳಗೆ ಹೊಂದುವುದಿಲ್ಲ, ಅಡ್ಡ ನಿಲ್ಲುತ್ತವೆ. ಅರ್ಧ ಕಿಲೋಗೆ ನಾಲ್ಕೈದು ಹನಿ ಸಾಕು. ಜಾಸ್ತಿಯಾದರೆ ಪಾಕ ಅಂಟಂಟಾಗಿ ಉಳಿಯುತ್ತದೆ. ಹುಳಿಯ ಕೆಲಸ ಕುದಿಸುವ ಹೊತ್ತಿನ ಮೇಲೂ ನಿಂತಿರುವುದರಿಂದ, ಅಂಗಡಿಯವರು ಅಳೆದು ಹಾಕಬಹುದಾದ ಲಿಕ್ವಿಡ್ ಗ್ಲೂಕೋಸ್ ಬಳಸುತ್ತಾರೆ. ಬೆಲ್ಲದಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಎರಡೂ ಮೊದಲೇ ಇರುತ್ತವೆ. ಅಮೀನಗಡ, ಗೋಕಾಕದ ಕರದಂಟಿನ ಪಾಕ ಸಕ್ಕರೆ ಪಾಕದಷ್ಟು ಸುಲಭವಾಗಿ ಹರಳಾಗದಿರುವುದಕ್ಕೆ ಇದೂ ಒಂದು ಕಾರಣ.

ಸಕ್ಕರೆ ಆರತಿಯಲ್ಲಿ ನಮಗೆ ಹರಳು ಬೇಕು, ಆದರೆ ಸಣ್ಣದು ಬೇಕು. ಉಂಡೆ ಪಾಕಕ್ಕೆ ಇಳಿಸಿ, ಸವಟಿನ ಬೆನ್ನಿನಿಂದ ಪಾತ್ರೆಯ ಗೋಡೆಗೆ ಜೋರಾಗಿ ತಿಕ್ಕುತ್ತೇವೆ. ಲೆಕ್ಕವಿಲ್ಲದಷ್ಟು ಹರಳು ಒಟ್ಟಿಗೇ ಹುಟ್ಟಿದರೆ ಯಾವುದಕ್ಕೂ ದೊಡ್ಡದಾಗಲು ಸಕ್ಕರೆ ಉಳಿಯುವುದಿಲ್ಲ. ತಿಳಿಯಾಗಿದ್ದ ಪಾಕ ಅಂಚಿನಿಂದ ಮಬ್ಬಾಗಿ, ಹಾಲಿನ ಬಣ್ಣಕ್ಕೆ ತಿರುಗಿದ ಗಳಿಗೆಯಲ್ಲೇ ನೆನೆಸಿಟ್ಟ ಅಚ್ಚಿಗೆ ಸುರಿಯಬೇಕು. ಕೇಕು, ಮಿಠಾಯಿಗೆ ಬಳಸುವ ಬಿಳಿ ಸಕ್ಕರೆ ಮುದ್ದೆಯಾದ ಫಾಂಡೆಂಟ್ ಇನ್ನೂ ನಯವಾಗಿರಬೇಕು. ಅದಕ್ಕೆ ಪಾಕವನ್ನು ಅಲುಗಿಸದೆ ಸುಮಾರು 50 ಡಿಗ್ರಿಗೆ ಆರಿಸಿ, ಆಮೇಲೆ ಬಡಿಯುತ್ತಾರೆ. ಬಿಸಿಯಲ್ಲಿ ಕೈಯಾಡಿಸಿದರೆ ಕೆಲವೇ ಹರಳು ಹುಟ್ಟಿ ದೊಡ್ಡದಾಗಿ ಬೆಳೆದು ನಾಲಿಗೆಗೆ ಒರಟಾಗುತ್ತವೆ.

ಗಾಜಿನಂಥ ಗಟ್ಟಿ ಮಿಠಾಯಿಗೆ ಹರಳು ಒಂದೂ ಬೇಡ. 150ಕ್ಕೆ ಬಂದ ಪಾಕವನ್ನು ತುಪ್ಪ ಸವರಿದ ತಟ್ಟೆಗೆ ಸುರಿದು ಬಿಟ್ಟುಬಿಡಿ. ಆರಿದ ಕೂಡಲೇ ಗಾಳಿಯಾಡದ ಡಬ್ಬಿಗೆ ಹಾಕಿ. ಬೆಳಗಾವಿಯ ಮಳೆಗಾಲದ ತೇವ ತಗುಲಿದರೆ ಮೊದಲು ಮೇಲ್ಮೈ ಅಂಟುತ್ತದೆ, ಆಮೇಲೆ ಬೆಳ್ಳಗೆ ಹರಳುಗಟ್ಟುತ್ತದೆ.

ಪಾಕ ಪಾತ್ರೆಯಲ್ಲೇ ಮರಳಾಯಿತೇ? ಚೆಲ್ಲಬೇಡಿ. ಅರ್ಧ ಬಟ್ಟಲು ನೀರು ಹಾಕಿ, ಒಂದು ಕಾಳೂ ಉಳಿಯದಂತೆ ಸಣ್ಣ ಉರಿಯಲ್ಲಿ ಕರಗಿಸಿ, ಎಳೆ ಪಾಕದಿಂದ ಮತ್ತೆ ಶುರು ಮಾಡಿ.