ಐದು ಚಿತ್ರ, ಒಂದೇ ಅಡಿಬರಹ: ಮಸಾಲೆ ಖಾರದ ಕ್ಯಾರೊಸೆಲ್‌ಗೆ ಬರೆಯುವುದು ಹೇಗೆ?

ಮಸಾಲೆ ಖಾರ ಕುಟ್ಟಿಸಿ ಪಾಕೀಟು ಮಾಡಿ ಮಾರುವವರು ಹುಬ್ಬಳ್ಳಿ, ಗದಗ, ಬ್ಯಾಡಗಿಗಳಲ್ಲಿ ಹಲವರಿದ್ದಾರೆ. ಈಗ ಅವರಲ್ಲಿ ಕೆಲವರು ಅದೇ ಖಾರದಿಂದ ಮಾಡಿದ ನಾಲ್ಕಾರು ಅಡುಗೆಗಳ ಚಿತ್ರಗಳನ್ನು ಸಾಲಾಗಿ ಜೋಡಿಸಿ ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಾರೆ. ಚಿತ್ರಗಳು ಎಷ್ಟಿದ್ದರೂ ಕೆಳಗಿನ ಬರಹ ಮಾತ್ರ ಒಂದೇ ಆಗಿರುವುದರಿಂದ, ಯಾವ ಮಾತು ಯಾವ ಚಿತ್ರಕ್ಕೆ ಸೇರಿದ್ದು ಎಂಬುದನ್ನು ಬರಹವೇ ಹೇಳಬೇಕಾಗುತ್ತದೆ.

ಬರೆಯಲು ಕೂರುವ ಮೊದಲು ಚಮಚ ಹಿಡಿಯಿರಿ. ಚಿತ್ರದಲ್ಲಿರುವ ಅಡುಗೆಯನ್ನು ಇನ್ನೊಮ್ಮೆ ಮಾಡಿ, ಖಾರ ಎಷ್ಟು ಹಿಡಿಯಿತು, ಯಾವ ಹಂತದಲ್ಲಿ ಬಿತ್ತು ಎಂಬ ಎರಡೇ ಸಂಗತಿಗಳನ್ನು ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ. ‘ರುಚಿಗೆ ತಕ್ಕಷ್ಟು’ ಎಂಬ ಮಾತು ಮನೆಯವರಿಗೆ ಸಾಕಾದರೂ, ಹೊಸ ಪಾಕೀಟು ಒಡೆದವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ‘ಒಂದು ಚಮಚ’ ಎಂದರೂ ಗೊಂದಲವೇ. ಊಟದ ಚಮಚ ಚಹಾ ಚಮಚದ ಸುಮಾರು ಮೂರು ಪಟ್ಟು ಹಿಡಿಯುತ್ತದೆ. ನಮ್ಮ ಕಡೆಯ ಮಸಾಲೆ ಖಾರದಲ್ಲಿ ಅನೇಕರು ಉಪ್ಪನ್ನೂ ಸೇರಿಸಿಯೇ ಕುಟ್ಟಿಸುತ್ತಾರೆ. ನಿಮ್ಮದೂ ಹಾಗಿದ್ದರೆ ಆ ಮಾತು ಅಡಿಬರಹದಲ್ಲಿ ಇರಲೇಬೇಕು, ಇಲ್ಲದಿದ್ದರೆ ಪಲ್ಯಕ್ಕೆ ಎರಡು ಸಲ ಉಪ್ಪು ಬೀಳುತ್ತದೆ.

ಹಂತವನ್ನು ಹೇಳುವುದಕ್ಕೂ ಕಾರಣವಿದೆ. ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು. ಅದರ ಪುಡಿಯನ್ನು ಕಾದ ಎಣ್ಣೆಗೆ ನೇರವಾಗಿ ಸುರಿದರೆ ಕ್ಷಣದಲ್ಲಿ ಕಪ್ಪಾಗಿ ಕಹಿಯಾಗುತ್ತದೆ, ಓದುಗರು ಬೈಯುವುದು ಮಾತ್ರ ಮಸಾಲೆಯನ್ನು.

ನಂತರ ಮೊದಲ ಸಾಲು. ಚಿತ್ರದ ಕೆಳಗೆ ಸಾಮಾನ್ಯವಾಗಿ ಒಂದೆರಡು ಸಾಲುಗಳಷ್ಟೇ ಕಾಣುತ್ತವೆ, ಉಳಿದದ್ದನ್ನು ಓದಲು ಒತ್ತಬೇಕು. ಆ ಜಾಗವನ್ನು ‘ನಮಸ್ಕಾರ ಬಂಧುಗಳೇ’ ಎಂಬುದಕ್ಕೆ ಕೊಡುವುದು ನನ್ನ ಮಟ್ಟಿಗೆ ದುಂದು. ಇಡೀ ಬರಹದ ಮಿತಿ 2,200 ಅಕ್ಷರಗಳು. ಆದರೆ ಕನ್ನಡದಲ್ಲಿ ಸ್ವರಚಿಹ್ನೆ, ಒತ್ತು ಎಲ್ಲವೂ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. ‘ಎಣ್ಣೆಗಾಯಿ’ ಕಣ್ಣಿಗೆ ನಾಲ್ಕು ಅಕ್ಷರ, ಲೆಕ್ಕಕ್ಕೆ 9. ಆದ್ದರಿಂದ ಪೂರ್ತಿ ಪಾಕವಿಧಾನವನ್ನು ಚಿತ್ರಗಳ ಮೇಲೆಯೇ ಬರೆದು, ಅಡಿಬರಹಕ್ಕೆ ಅಳತೆ ಮತ್ತು ಹಂತವನ್ನಷ್ಟೇ ಉಳಿಸಿಕೊಳ್ಳುವುದು ಲೇಸು.

ಮೊದಲ ಚಿತ್ರದಲ್ಲಿ ಪಾಕೀಟು, ಮುಂದಿನ ನಾಲ್ಕರಲ್ಲಿ ಅಡುಗೆಗಳು ಇವೆ ಎಂದುಕೊಂಡರೆ, ಅಡಿಬರಹ ಹೀಗಿರಬಹುದು:

‘ಒಂದೇ ಮಸಾಲೆ ಖಾರ, ನಾಲ್ಕು ಅಡುಗೆ. ಎಲ್ಲ ಅಳತೆಯೂ ಚಹಾ ಚಮಚದ್ದು. ಖಾರದಲ್ಲಿ ಉಪ್ಪು ಇದೆ, ಕೊನೆಗೆ ರುಚಿ ನೋಡಿ ಹಾಕಿ.
2. ಎಣ್ಣೆಗಾಯಿ: ಕಾಲು ಕಿಲೊ ಎಳೆ ಬದನೆಕಾಯಿಗೆ 2 ಚಮಚ. ಶೇಂಗಾ ಪುಡಿಯೊಂದಿಗೆ ಕಲಸಿ ಕಾಯಿಯೊಳಗೆ ತುಂಬಿ.
3. ಝುಣಕ: ಒಂದು ಬಟ್ಟಲು ಕಡಲೆ ಹಿಟ್ಟಿಗೆ 1 ಚಮಚ. ಒಗ್ಗರಣೆಗೆ ನೀರು ಹಾಕಿದ ಮೇಲೆ ಬೆರೆಸಿ.
4. ಮಡಿಕೆ ಕಾಳಿನ ಪಲ್ಯ: ಒಂದು ಬಟ್ಟಲು ಮೊಳಕೆ ಕಾಳಿಗೆ ಒಂದೂವರೆ ಚಮಚ. ಕಾಳು ಅರೆಬೆಂದಾಗ ಹಾಕಿ.
5. ಗಿರ್ಮಿಟ್: ಎರಡು ಬಟ್ಟಲು ಚುರುಮುರಿಗೆ ಅರ್ಧ ಚಮಚ. ಉಳ್ಳಾಗಡ್ಡಿ ಬಾಡಿದ ಮೇಲೆ, ಉರಿ ಸಣ್ಣ ಮಾಡಿ ಹಾಕಿ.
ಪದಾರ್ಥಗಳ ಪಟ್ಟಿ ಪಾಕೀಟಿನ ಹಿಂಬದಿಯಲ್ಲಿದೆ.’

ಸಂಖ್ಯೆ 2ರಿಂದ ಶುರುವಾದದ್ದು ತಪ್ಪಲ್ಲ. ಅದು ಚಿತ್ರದ ಸಂಖ್ಯೆ. ಆದರೆ ಬರೀ ಸಂಖ್ಯೆಯನ್ನೇ ನಂಬಬಾರದು. ಪರಿಚಯದ ಮಹಿಳಾ ಸಂಘವೊಂದಕ್ಕೆ ನಾನು ಬರೆದುಕೊಟ್ಟ ಅಡಿಬರಹದಲ್ಲಿ ಅಡುಗೆಯ ಹೆಸರುಗಳಿರಲಿಲ್ಲ. ಮಸುಕಾಗಿದ್ದ ಝುಣಕದ ಚಿತ್ರವನ್ನು ಅವರು ಆಮೇಲೆ ತೆಗೆದುಹಾಕಿದ್ದರಿಂದ ಮುಂದಿನವೆಲ್ಲ ಒಂದೊಂದು ಸ್ಥಾನ ಹಿಂದೆ ಸರಿದು, ಗಿರ್ಮಿಟ್ಟಿನ ಚಿತ್ರಕ್ಕೆ ಪಲ್ಯದ ಒಂದೂವರೆ ಚಮಚ ತಗಲಿಕೊಂಡಿತು. ‘ಬಾಯಿ ಸುಟ್ಟಿತ್ರಿ ಅಕ್ಕಾರ’ ಎಂಬ ಸಂದೇಶ ಸಂಜೆಯೊಳಗೇ ಬಂದಿತ್ತು.

ಎರಡನೇ ಚಿತ್ರದ ಬಗ್ಗೆ ಒಂದು ಮಾತು. ಮೊದಲ ಸಲ ಸರಿಸದೆ ಮುಂದೆ ಹೋದವರಿಗೆ ಅದೇ ಪೋಸ್ಟ್ ಮತ್ತೆ ಬಂದಾಗ ಎರಡನೇ ಚಿತ್ರವೇ ಮೊದಲು ಕಾಣುವುದುಂಟು. ಹಾಗಾಗಿ ಅತ್ಯಂತ ಪರಿಚಿತವಾದ ಅಡುಗೆ ಅಲ್ಲಿರಲಿ. ಮೇಲೆ ಎಣ್ಣೆಗಾಯಿಯನ್ನು ಅಲ್ಲಿಟ್ಟದ್ದು ಅದಕ್ಕಾಗಿಯೇ.

‘ಜೀರ್ಣಕ್ಕೆ ಒಳ್ಳೆಯದು’, ‘ಸಕ್ಕರೆ ಕಾಯಿಲೆಗೆ ಮದ್ದು’ ಎಂಬಂಥ ಮಾತುಗಳನ್ನು ಬರೆಯಬೇಡಿ. ಆಹಾರದ ಜಾಹೀರಾತಿನಲ್ಲಿ ಏನು ಹೇಳಬಹುದು ಎಂಬುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳಿವೆ. ಮಸಾಲೆಗೆ ಇಂಗು ಹಾಕಿದ್ದರೆ ಅದರ ಡಬ್ಬಿಯನ್ನೂ ಒಮ್ಮೆ ಓದಿ. ಅಂಗಡಿಯ ಇಂಗಿನಲ್ಲಿ ಅನೇಕ ಸಲ ಗೋಧಿ ಹಿಟ್ಟು ಬೆರೆತಿರುತ್ತದೆ, ಗೋಧಿ ಒಗ್ಗದವರು ಕೇಳಿದಾಗ ಉತ್ತರ ಸಿದ್ಧವಿರಬೇಕು.

ಹಾಕುವ ಮುನ್ನ, ಆ ಮಸಾಲೆಯನ್ನು ಎಂದೂ ಬಳಸದ ಒಬ್ಬರ ಕೈಗೆ ಮೊಬೈಲು ಕೊಟ್ಟು ಒಲೆಯ ಮುಂದೆ ನಿಲ್ಲಿಸಿ, ನೀವು ಬಾಯಿ ಬಿಡದೆ ನೋಡುತ್ತಿರಿ. ಅವರು ತಲೆಯೆತ್ತಿ ಏನನ್ನು ಕೇಳುತ್ತಾರೋ, ಆ ಸಾಲನ್ನು ತಿದ್ದಿ.