ಗಿಟಾರ್ ಸ್ವರದ ಬಾಲ ಕತ್ತರಿಸದೆ ಹಿಸ್ ನಿಲ್ಲಿಸುವುದು ಹೇಗೆ?

ರಾಜಾಜಿನಗರದಲ್ಲಿ ಸ್ನೇಹಿತನ ಮನೆ ಮಹಡಿಯ ರೂಮಿನಲ್ಲಿ ಕಳೆದ ತಿಂಗಳು ಒಂದು ಗಿಟಾರ್ ಟ್ರ್ಯಾಕ್ ರೆಕಾರ್ಡ್ ಮಾಡಿದೆವು. ಡಿಸ್ಟಾರ್ಷನ್ ಜಾಸ್ತಿ ಇತ್ತು. ನುಡಿಸುವಾಗ ಏನೂ ಗೊತ್ತಾಗುತ್ತಿರಲಿಲ್ಲ, ಕೈ ನಿಲ್ಲಿಸಿದ ಕೂಡಲೇ ಸುಯ್ ಅಂತ ಹಿಸ್. ಅವನು ನಾಯ್ಸ್ ಗೇಟ್ ಹಾಕಿದ, ಅಂದರೆ ಸದ್ದು ಒಂದು ಮಟ್ಟಕ್ಕಿಂತ ಇಳಿದರೆ ಅದನ್ನು ತಡೆಯುವ ಬಾಗಿಲು. ಹಿಸ್ ನಿಂತಿತು, ಆದರೆ ನಾಲ್ಕು ಸೆಕೆಂಡ್ ಎಳೆಯಬೇಕಿದ್ದ ಕೊನೆಯ ಸ್ವರ ಎರಡನೇ ಸೆಕೆಂಡಿಗೇ ಬಾಗಿಲು ಹಾಕಿದ ಹಾಗೆ ಕಟ್ ಆಯಿತು.

ಗೇಟಿಗೆ ಸ್ವರ ಯಾವುದು, ಹಿಸ್ ಯಾವುದು ಅಂತ ಗೊತ್ತಿಲ್ಲ. ಅದು ಸದ್ದಿನ ಮಟ್ಟ ಮಾತ್ರ ನೋಡುತ್ತದೆ. ಡಿಸ್ಟಾರ್ಷನ್ ಆದ ಮೇಲೆ ಎಲ್ಲವೂ ಮೇಲೆದ್ದಿರುತ್ತದೆ, ಹಿಸ್ ಕೂಡ. ಆಗ ಸ್ವರಕ್ಕೂ ಹಿಸ್‌ಗೂ ಇರುವ ಅಂತರ ಕಡಿಮೆ. ಡಿಸ್ಟಾರ್ಷನ್‌ಗೆ ಮೊದಲಿನ ಕ್ಲೀನ್ ಸಿಗ್ನಲ್‌ನಲ್ಲಿ ಆ ಅಂತರ ದೊಡ್ಡದು. ಹಾಗಾಗಿ ಗೇಟ್ ಕೂರಬೇಕಾದ್ದು ಡಿಸ್ಟಾರ್ಷನ್ ಆದ ಮೇಲೆ, ಆದರೆ ತೆರೆಯಬೇಕೋ ಮುಚ್ಚಬೇಕೋ ಅಂತ ಅದು ಕ್ಲೀನ್ ಸಿಗ್ನಲ್ ಕೇಳಿ ತೀರ್ಮಾನಿಸಬೇಕು. ಇದಕ್ಕೆ ಸೈಡ್‌ಚೈನ್ ಅನ್ನುತ್ತಾರೆ. ಕ್ಲೀನ್ ಟ್ರ್ಯಾಕನ್ನು ಗೇಟಿನ ಸೈಡ್‌ಚೈನ್ ಇನ್‌ಪುಟ್‌ಗೆ ಕಳಿಸಿ.

ಈಗ ಅಳೆಯಿರಿ. ಗಿಟಾರ್ ವಾಲ್ಯೂಮ್ ಪೂರ್ತಿ ಇಟ್ಟು, ತಂತಿಗಳನ್ನು ಅಂಗೈಯಿಂದ ಒತ್ತಿ ಹಿಡಿದು ಹತ್ತು ಸೆಕೆಂಡ್ ಸುಮ್ನೆ ರೆಕಾರ್ಡ್ ಮಾಡಿ. ನಮ್ಮ ಕ್ಲೀನ್ ಟ್ರ್ಯಾಕಿನ ಮೀಟರ್‌ನಲ್ಲಿ ನಾಯ್ಸ್ ಮೈನಸ್ 64 ಡಿಬಿ ಮುಟ್ಟುತ್ತಿತ್ತು. ಆಮೇಲೆ ಆ ಉದ್ದ ಸ್ವರ ನುಡಿಸಿ ನೋಡಿದೆವು. ನಾಲ್ಕು ಸೆಕೆಂಡ್ ಆದಾಗ ಅದು ಮೈನಸ್ 52ಕ್ಕೆ ಇಳಿದಿತ್ತು. ಗೇಟ್ ಮುಚ್ಚುವ ಮಟ್ಟ ಇವೆರಡರ ನಡುವೆ ಇರಬೇಕು. ನಾವು ಮೈನಸ್ 58ಕ್ಕೆ ಇಟ್ಟೆವು.

ಆದರೆ ತೆರೆಯುವ ಮಟ್ಟವೂ ಅದೇ ಆದರೆ ತೊಂದರೆ. ಸ್ವರ ಸಾಯುವಾಗ ಮಟ್ಟ ಸ್ವಲ್ಪ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ, ಅದರ ಜೊತೆ ಗೇಟೂ ತೆರೆದು ಮುಚ್ಚಿ ಪಟಪಟ ಅನ್ನುತ್ತದೆ. ಅದಕ್ಕೇ ಎರಡು ಮಟ್ಟ ಬೇಕು, ಅದನ್ನು ಹಿಸ್ಟರಿಸಿಸ್ ಅನ್ನುತ್ತಾರೆ. ನಮ್ಮ ಗೇಟ್ ತೆರೆಯೋದು ಮೈನಸ್ 50ಕ್ಕೆ, ಮುಚ್ಚೋದು ಮೈನಸ್ 58ಕ್ಕೆ. ನಾಲ್ಕನೇ ಸೆಕೆಂಡಿನ ಮೈನಸ್ 52ರ ಸ್ವರ ಗೇಟನ್ನು ತೆರೆಯಲಾರದು, ಆದರೆ ತೆರೆದಿರುವ ಗೇಟಿನಿಂದ ಆರಾಮವಾಗಿ ಹೊರಗೆ ಬರುತ್ತದೆ.

ನಂತರ ಸಮಯ. ಅಟ್ಯಾಕ್, ಅಂದರೆ ಗೇಟ್ ತೆರೆಯಲು ತೆಗೆದುಕೊಳ್ಳುವ ಸಮಯ, 1 ಮಿಲಿಸೆಕೆಂಡ್ ಸಾಕು. ಹೋಲ್ಡ್, ಅಂದರೆ ಮಟ್ಟ ಇಳಿದ ಮೇಲೂ ಗೇಟ್ ತೆರೆದೇ ಇರುವ ಸಮಯ, ತೀರಾ ಕಡಿಮೆ ಮಾಡಬೇಡಿ. ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ, ಅಂದರೆ ಒಂದು ಸುತ್ತಿಗೆ 12 ಮಿಲಿಸೆಕೆಂಡ್. ಹೋಲ್ಡ್ ಅದಕ್ಕಿಂತ ಚಿಕ್ಕದಾದರೆ ಕೆಲವು ಗೇಟ್‌ಗಳು ಒಂದೇ ಸ್ವರದ ಅಲೆಗಳ ನಡುವೆಯೇ ಮುಚ್ಚಲು ನೋಡುತ್ತವೆ, ಕಿವಿಗೆ ಗರಗರ ಕೇಳುತ್ತದೆ. 60 ಇಟ್ಟೆವು. ರಿಲೀಸ್, ಅಂದರೆ ಆಮೇಲೆ ಗೇಟ್ ನಿಧಾನಕ್ಕೆ ಮುಚ್ಚಿಕೊಳ್ಳುವ ಸಮಯ, 300. ಸ್ವರದ ಕೊನೆಯನ್ನು ಯಾರೋ ಬೇಗ ವಾಲ್ಯೂಮ್ ಇಳಿಸಿದ ಹಾಗೆ ಕೇಳಿದರೆ 400ಕ್ಕೆ ಏರಿಸಿ. ತಟ್ಟನೆ ನಿಂತು ಮತ್ತೆ ಶುರುವಾಗುವ ರಿಫ್‌ಗೆ ಮಾತ್ರ 80 ಬೇಕಾಗುತ್ತದೆ. ಎರಡಕ್ಕೂ ಒಂದೇ ಸೆಟ್ಟಿಂಗ್ ಒಪ್ಪುವುದಿಲ್ಲ, ಎರಡು ಟ್ರ್ಯಾಕ್ ಮಾಡಿಕೊಳ್ಳೋದೇ ವಾಸಿ.

ಕೊನೆಗೆ ರೇಂಜ್. ಇದನ್ನು ಬಹಳ ಜನ ಮುಟ್ಟುವುದೇ ಇಲ್ಲ, ನನಗಂತೂ ಇದೇ ಎಲ್ಲಕ್ಕಿಂತ ಮುಖ್ಯ. ಗೇಟ್ ಮುಚ್ಚಿದಾಗ ಪೂರ್ತಿ ಮೌನ ಬೇಡ, 20 ಡಿಬಿ ಇಳಿಸಿದರೆ ಸಾಕು. ಡ್ರಮ್ಸ್, ಬೇಸ್ ಜೊತೆ ಕೇಳುವಾಗ ಅಷ್ಟು ಹಿಸ್ ಗೊತ್ತೇ ಆಗುವುದಿಲ್ಲ, ಹಾಡಿನ ಮಧ್ಯೆ ಗುಂಡಿ ಬಿದ್ದ ಹಾಗೂ ಕೇಳುವುದಿಲ್ಲ. ರಿವರ್ಬ್, ಡಿಲೇ ಏನಿದ್ದರೂ ಗೇಟ್ ಆದ ಮೇಲೆ ಹಾಕಿ, ಇಲ್ಲದಿದ್ದರೆ ಅವುಗಳ ಬಾಲವೂ ಕಟ್.

ಡ್ರಮ್ಸ್‌ನಲ್ಲಿ ಟಾಮ್‌ಗೂ ಲೆಕ್ಕ ಇದೇ. ಅಲ್ಲಿ ಕಾಟ ಕೊಡೋದು ಹಿಸ್ ಅಲ್ಲ, ಮೈಕಿಗೆ ನುಗ್ಗುವ ಸಿಂಬಲ್. ಸೈಡ್‌ಚೈನ್‌ನಲ್ಲಿ ಮೇಲಿನ ಫ್ರೀಕ್ವೆನ್ಸಿಗಳನ್ನು ಕತ್ತರಿಸಿದರೆ ಸಿಂಬಲ್‌ಗೆ ಗೇಟ್ ಸುಲಭಕ್ಕೆ ತೆರೆಯುವುದಿಲ್ಲ.

ಎಲ್ಲ ಸರಿಯಾಯಿತು ಅನ್ನುವಾಗ ಕರೆಂಟ್ ಹೋಯಿತು. ಮನೆಯ ಹಳೇ ಇನ್ವರ್ಟರ್ ಶುರುವಾಗಿದ್ದೇ ಗಿಟಾರಿನಲ್ಲಿ ಜುಂಯ್ ಅಂತ ಬಜ್. ಗೇಟ್ ಒಮ್ಮೆ ತೆರೆದದ್ದು ಮುಚ್ಚಲೇ ಇಲ್ಲ. ಮತ್ತೆ ಅಳೆದರೆ ನಾಯ್ಸ್ ಮೈನಸ್ 55ಕ್ಕೆ ಏರಿತ್ತು, ಅಂದರೆ ನಮ್ಮ ಮುಚ್ಚುವ ಮಟ್ಟಕ್ಕಿಂತಲೂ ಮೇಲೆ. ಮುಚ್ಚುವ ಮಟ್ಟ ಇನ್ನೂ ಏರಿಸೋಣ ಅಂದರೆ ಸ್ವರದ ಬಾಲ ಮೈನಸ್ 52ರಲ್ಲಿದೆ, ಜಾಗವೇ ಇಲ್ಲ. ಆಗ ಕುರ್ಚಿಯನ್ನು ಇನ್ವರ್ಟರ್‌ನಿಂದ ದೂರ ಎಳೆದು, ಅವನು ಗಿಟಾರ್ ಹಿಡಿದೇ ನಿಧಾನಕ್ಕೆ ತಿರುಗುತ್ತಾ ಹೋದ. ಕಿಟಕಿ ಕಡೆ ಮುಖ ಮಾಡಿದಾಗ ಬಜ್ ಮೈನಸ್ 62ಕ್ಕೆ ಬಿತ್ತು. ಅಲ್ಲೇ ಕೂತು, ಸೆಟ್ಟಿಂಗ್ ಏನೂ ಮುಟ್ಟದೆ, ಆ ಕೊನೆಯ ಸ್ವರವನ್ನು ಮತ್ತೆ ನುಡಿಸಿದ.